ಬ್ಯಾಟರಿ ಸ್ಪ್ರೇಯರ್ ರಿವ್ಯೂಗಳು: ಬಳಸಿದವರು ಬರೆದದ್ದೋ, ಟೂಲ್ ಬರೆದದ್ದೋ

> "ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ನೋಡುತ್ತಿದ್ದೇನೆ. ಐದು ಸ್ಟಾರಿನ ರಿವ್ಯೂಗಳೆಲ್ಲ ಒಬ್ಬರೇ ಬರೆದ ಹಾಗಿವೆ. ಎಐ ಟೂಲ್‌ನಿಂದ ಬರೆಸಿದ್ದು ಅಂತ ಗುರುತಿಸೋದು ಹೇಗೆ?"

ನಮಸ್ಕಾರ. ಇಂಥ ರಿವ್ಯೂ ಬರೆಸುವವರು ಟೂಲ್‌ಗೆ ಒದಗಿಸುವುದು ಹೆಚ್ಚಾಗಿ ಮಾರಾಟದ ಪುಟದಲ್ಲಿರುವ ಶೀರ್ಷಿಕೆ ಮತ್ತು ವಿವರಣೆಯನ್ನು ಮಾತ್ರ. ಆದ್ದರಿಂದ ಅದಕ್ಕೆ ಪುಟ ಗೊತ್ತಿರುತ್ತದೆಯೇ ಹೊರತು ಸ್ಪ್ರೇಯರ್ ಗೊತ್ತಿರುವುದಿಲ್ಲ. ನಾನು ಮೊದಲು ಹುಡುಕುವುದು ಪುಟದಲ್ಲಿ ತಪ್ಪಾಗಿ ಅಚ್ಚಾಗಿರುವ ಸಂಗತಿಯನ್ನು.

ನಾನು ಕೊಂಡ ಸ್ಪ್ರೇಯರಿನ ಶೀರ್ಷಿಕೆಯಲ್ಲಿ 18 ಲೀಟರ್ ಎಂದಿತ್ತು. ಮನೆಗೆ ಬಂದ ಟ್ಯಾಂಕಿನ ಮೇಲಿನ ಗೆರೆಗಳು 16ಕ್ಕೇ ಮುಗಿದಿದ್ದವು. ವಿವರಣೆಯಲ್ಲಿ ಹಿತ್ತಾಳೆಯ ನಾಝಲ್ ಎಂದಿತ್ತು, ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್. ಮತ್ತೆ ಪುಟಕ್ಕೆ ಹೋಗಿ ಮೊದಲ 40 ರಿವ್ಯೂಗಳನ್ನು ಕೂತು ಓದಿದೆ. ಅವುಗಳಲ್ಲಿ 9 ಜನ "18 ಲೀಟರಿನ ವಿಶಾಲವಾದ ಟ್ಯಾಂಕ್" ಎಂದು ಹೊಗಳಿದ್ದರು, ಅವರಲ್ಲೇ ಕೆಲವರು ಹಿತ್ತಾಳೆಯ ನಾಝಲ್ ಬಹಳ ಬಾಳಿಕೆ ಬರುತ್ತದೆ ಎಂದೂ ಸೇರಿಸಿದ್ದರು. ಔಷಧಿಯನ್ನು ಲೀಟರಿಗೆ ಇಷ್ಟು ಎಂದು ಲೆಕ್ಕ ಹಾಕಿ ಬೆರೆಸುವವರಿಗೆ ಟ್ಯಾಂಕಿನ ಅಳತೆ ಮೊದಲ ದಿನವೇ ತಿಳಿದುಹೋಗುತ್ತದೆ. ಇನ್ನೊಬ್ಬರು, ತುಂಬಿದ ಟ್ಯಾಂಕನ್ನು ಒಂದೇ ಕೈಯಲ್ಲಿ ಸಲೀಸಾಗಿ ಒಯ್ಯಬಹುದು ಎಂದಿದ್ದರು. 16 ಲೀಟರ್ ನೀರೇ 16 ಕಿಲೋ, ಅದರ ಮೇಲೆ ಬ್ಯಾಟರಿ ಮತ್ತು ಡಬ್ಬದ ತೂಕ ಬೇರೆ. "ಅರ್ಧ ಗಂಟೆಯಲ್ಲಿ ಪೂರ್ತಿ ಚಾರ್ಜ್" ಎಂಬ ಸಾಲೂ ಇತ್ತು. ಸ್ಪ್ರೇಯರಿನಲ್ಲಿದ್ದದ್ದು 8 ಆಂಪಿಯರ್ ಅವರ್ ಬ್ಯಾಟರಿ, ಜೊತೆಗೆ ಬಂದದ್ದು 1.7 ಆಂಪಿಯರ್ ಚಾರ್ಜರ್. ಭಾಗಿಸಿ ನೋಡಿದರೆ ಸುಮಾರು ಐದು ಗಂಟೆ ಬೇಕು.

ಆದರೆ ಹೊಂದದ ವಿವರಗಳೆಲ್ಲ ಒಂದೇ ಬಗೆಯವಲ್ಲ. ಸ್ಪ್ರೇಯರಿನ ಕೆಳಗೆ ಮೊಬೈಲ್ ಕವರಿನ ಬಣ್ಣವನ್ನು ಹೊಗಳಿದ ರಿವ್ಯೂ ಕಂಡರೆ ಅದನ್ನು ಟೂಲ್ ಬರೆದಿರಲಿಕ್ಕಿಲ್ಲ. ಮಾರಾಟಗಾರರು ಬೇರೊಂದು ವಸ್ತುವಿನ ಹಳೆಯ ಪುಟಕ್ಕೇ ಹೊಸ ವಸ್ತುವನ್ನು ಸೇರಿಸಿದಾಗ ಮನುಷ್ಯರೇ ಬರೆದ ಹಳೆಯ ರಿವ್ಯೂಗಳು ಹಾಗೇ ಉಳಿದುಬಿಡುತ್ತವೆ. ಅದೂ ಮೋಸವೇ, ಆದರೆ ಬೇರೆ ಮೋಸ.

ಒಂದೇ ಮಾತು ಮರುಕಳಿಸುವುದನ್ನು ಹಿಡಿಯುವುದು ಸುಲಭ. ಪುಟದ ರಿವ್ಯೂ ಹುಡುಕುವ ಜಾಗದಲ್ಲಿ "ನಿರೀಕ್ಷೆಯನ್ನು ಮೀರಿದೆ" ಎಂಬಂಥ ಎರಡು ಮೂರು ಪದಗಳನ್ನು ಹಾಕಿ, ಎಷ್ಟು ಕಡೆ ಬರುತ್ತದೆ ಎಂದು ನೋಡಿ. ಪದಗಳು ಬದಲಾಗಿದ್ದರೂ ಕಟ್ಟು ಬದಲಾಗುವುದಿಲ್ಲ: ಮೊದಲ ಸಾಲಿನಲ್ಲಿ ವಸ್ತುವಿನ ಪೂರ್ತಿ ಹೆಸರು, ನಂತರ ಮೂರು ಹೊಗಳಿಕೆ, ಯಾರಿಗೂ ನೋವಾಗದಂಥ ಒಂದು ಕೊರತೆ, ಕೊನೆಗೆ ಎಲ್ಲರಿಗೂ ಶಿಫಾರಸು. ಮಾತಿನಲ್ಲಿ ಯಾರಾದರೂ ಸ್ಪ್ರೇಯರಿನ ಹೆಸರನ್ನು ಮಾಡೆಲ್ ನಂಬರಿನ ಸಮೇತ ಹೇಳುತ್ತಾರೆಯೇ? ಹೀಗೆ ಸಿಕ್ಕವುಗಳ ದಿನಾಂಕಗಳು ಎರಡು ಮೂರು ದಿನಗಳೊಳಗೆ ಗುಂಪಾಗಿದ್ದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ.

ಇದೇ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು "ಕಾಗುಣಿತ ತಪ್ಪಿದ್ದರೆ ಮನುಷ್ಯರು ಬರೆದದ್ದು" ಎಂದಿದ್ದಾರೆ. ಅದು ಅರ್ಧ ಮಾತ್ರ ಸರಿ, ಏಕೆಂದರೆ ತಪ್ಪು ಸೇರಿಸಿ ಬರೆ ಎಂದರೆ ಟೂಲ್ ತಪ್ಪನ್ನೂ ಸೇರಿಸುತ್ತದೆ. ಭಾಷೆ ಬಾರದ ನಿಜವಾದ ಗ್ರಾಹಕರು ಅದೇ ಟೂಲ್‌ನಿಂದ ತಮ್ಮ ಮಾತನ್ನು ತಿದ್ದಿಸಿಕೊಂಡು ಹಾಕುವುದೂ ಉಂಟು. ಆಗ ವಾಕ್ಯ ನುಣ್ಣಗಿದ್ದರೂ ಒಳಗಿನ ಅನುಭವ ಅವರದೇ ಆಗಿರುತ್ತದೆ. ಪಠ್ಯವನ್ನು ಅಂಟಿಸಿದರೆ ಇಷ್ಟು ಶೇಕಡಾ ಎಐ ಎಂದು ಹೇಳುವ ತಾಣಗಳನ್ನು ನಾಲ್ಕು ಸಾಲಿನ ರಿವ್ಯೂ ವಿಷಯದಲ್ಲಿ ನಾನಂತೂ ನಂಬುವುದಿಲ್ಲ. ಇನ್ನು "ಚೆನ್ನಾಗಿದೆ, ಉತ್ತಮ ಗುಣಮಟ್ಟ" ಎಂಬ ಮೊಟಕು ಹೊಗಳಿಕೆಯನ್ನು ಮನುಷ್ಯರೂ ಬೇಕಾದಷ್ಟು ಬರೆಯುತ್ತಾರೆ. ಅನುಮಾನ ಬರಬೇಕಾದದ್ದು ಹತ್ತು ಸಾಲು ಉದ್ದವಿದ್ದೂ ಒಂದು ಕೆಲಸದ ಹೆಸರೂ ಇಲ್ಲದ ಹೊಗಳಿಕೆಯ ಮೇಲೆ.

ಇದೇ ಪ್ರಶ್ನೆಯ ಕೆಳಗೆ, ತಮಗೆ ಪಂಪ್ ಒಡೆದು ಬಂದದ್ದನ್ನು ಬರೆದಿರುವ ಅಕ್ಕನವರ ದೂರು ವಸ್ತುವನ್ನು ಮರಳಿಸುವ ವಿಷಯಕ್ಕೆ ಸೇರಿದ್ದು, ಈ ಪ್ರಶ್ನೆಗೆ ಉತ್ತರವಲ್ಲ. ಆದರೂ ಅವರ ಒಂದು ಸಾಲನ್ನು ಗಮನಿಸಿ: "ಟ್ರಿಗರ್ ಬಿಟ್ಟರೂ ಪಂಪ್ ಟಕಟಕ ಅನ್ನುತ್ತಲೇ ಇತ್ತು." ಒತ್ತಡ ಏರಿದಾಗ ಪಂಪನ್ನು ನಿಲ್ಲಿಸಬೇಕಾದ ಸ್ವಿಚ್ ಸರಿಯಿಲ್ಲದಿದ್ದರೆ, ಅಥವಾ ಎಲ್ಲೋ ಸೋರಿ ಒತ್ತಡ ಇಳಿಯುತ್ತಿದ್ದರೆ ಆಗುವುದು ಹೀಗೆಯೇ. ಮಾರಾಟದ ಪುಟದಲ್ಲಿ ಈ ಸದ್ದು ಇರುವುದಿಲ್ಲ. ನೀವು ಮೂರು ಸ್ಟಾರಿನ ರಿವ್ಯೂಗಳಲ್ಲಿ ಇಂಥ ಸಾಲುಗಳನ್ನು ಹುಡುಕಿ: ಮುಚ್ಚಳದ ವಾಷರ್ ಸೋರಿ ಬೆನ್ನು ಒದ್ದೆಯಾಯಿತು, ಜಾಲರಿಯಲ್ಲಿ ಕಸ ಕಟ್ಟಿತು, ಪಟ್ಟಿ ಹೆಗಲನ್ನು ಕೊರೆಯಿತು.

ಪ್ರಶ್ನೆಯ ಜೊತೆ ನೀವು ಕಳಿಸಿದ ಚಿತ್ರದಲ್ಲಿರುವ ಐದು ರಿವ್ಯೂಗಳಲ್ಲಿ ಮೂರನ್ನು ನಾನು ಬದಿಗಿಡುತ್ತೇನೆ, ಏಕೆಂದರೆ ಮೂರೂ ಶೀರ್ಷಿಕೆಯನ್ನು ಪೂರ್ತಿ ನಕಲು ಮಾಡಿವೆ. ನಾಲ್ಕನೆಯದು ಪಟ್ಟಿಯ ಬಕಲ್ ಜಾರುವುದನ್ನು ಹೇಳುತ್ತದೆ, ಅದನ್ನು ನಂಬಬಹುದು. ಐದನೆಯದು ಮಾತ್ರ ನನಗೂ ಬಗೆಹರಿಯುತ್ತಿಲ್ಲ. ವಾಕ್ಯಗಳು ಟೂಲ್‌ನವೇ ಅನ್ನಿಸುತ್ತವೆ, ಆದರೆ ಜೊತೆಗಿರುವ ಫೋಟೋದಲ್ಲಿ ಟ್ಯಾಂಕಿನ ತಳಕ್ಕೆ ಒಣಗಿದ ಕೆಸರು ಅಂಟಿದೆ.