ಫಂಡ್ ಮಾರಿದ ಹಣ ಖಾತೆಗೆ ಬಂದಿಲ್ಲ: ಅಡಿಕೆ ಬೆಳೆಗಾರರ ಗುಂಪಿನಲ್ಲಿ ಒಂದು ಉತ್ತರ

ಪ್ರಶ್ನೆ: "ಕೊಯಿಲಿನ ಕೂಲಿಗೆಂದು ಕಳೆದ ಗುರುವಾರ ಸಂಜೆ ನಾಲ್ಕಕ್ಕೆ ಈಕ್ವಿಟಿ ಫಂಡಿನ ಎರಡು ಲಕ್ಷ ರೂಪಾಯಿಯ ಯೂನಿಟ್ ಮಾರಿದೆ. ಇಂದು ಅದರ ಮುಂದಿನ ವಾರದ ಶುಕ್ರವಾರ. ಆ್ಯಪ್‌ನಲ್ಲಿ ಯೂನಿಟ್ ಇಲ್ಲ, ಬ್ಯಾಂಕಿನಲ್ಲಿ ಹಣವೂ ಇಲ್ಲ. ಆ ಫಂಡ್ ಸಂಸ್ಥೆಯಲ್ಲಿನ ನನ್ನ ಹೂಡಿಕೆ ಖಾತೆ, ಅಂದರೆ ಫೋಲಿಯೊ, 2018ರದು, ಆಗ ನನ್ನ ಬ್ಯಾಂಕ್ ಖಾತೆ ಸಿಂಡಿಕೇಟ್ ಬ್ಯಾಂಕಿನಲ್ಲಿತ್ತು. ಅದೇ ದಿನ ಮಾರಿದ ಇನ್ನೊಂದು ಕಂಪನಿಯ ಫಂಡಿನ ಹಣ ಮಂಗಳವಾರವೇ ಬಂದಿದೆ. ಏನು ಮಾಡಲಿ?"

ಅಣ್ಣಾ, ಕೂಲಿಯವರು ಅಂಗಳದಲ್ಲಿ ಕಾಯುತ್ತಿರುವಾಗ ಹೀಗಾದರೆ ಎಷ್ಟು ಕಷ್ಟವೆಂದು ಬಲ್ಲೆ. ಬ್ಯಾಂಕಿನ ಹಣ ರವಾನೆ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ್ದರಿಂದ ಇಂಥ ಪ್ರಕರಣಗಳು ನನ್ನ ಮೇಜಿಗೆ ಬರುತ್ತಲೇ ಇದ್ದವು. ಮೊದಲು ಒಂದು ಮಾತು: ನಿಮ್ಮ ಹಣ ಕಳೆದುಹೋಗಿಲ್ಲ. ಯೂನಿಟ್‌ಗಳು ಯಾವ ದಿನದ ದರಕ್ಕೆ ಮಾರಾಟವಾದವೋ ಆ ಮೊತ್ತ ಅಂದೇ ನಿಗದಿಯಾಗಿದೆ. ಇನ್ನು ಮಾರುಕಟ್ಟೆ ಏರಿದರೂ ಇಳಿದರೂ ಅದು ಬದಲಾಗುವುದಿಲ್ಲ. ಆದ್ದರಿಂದ ಮೇಲೆ ಒಬ್ಬರು ಹೇಳಿದಂತೆ "ಮಾರಾಟ ರದ್ದು ಮಾಡಿ ಮತ್ತೆ ಮಾರಿ" ಎಂಬುದು ಆಗದ ಕೆಲಸ. ದರ ನಿಗದಿಯಾದ ಮೇಲೆ ರದ್ದು ಮಾಡುವ ದಾರಿಯೇ ಇಲ್ಲ.

ಈಗ ದಿನಗಳ ಲೆಕ್ಕ ನೋಡೋಣ, ಏಕೆಂದರೆ ತಡವಾಗಿದೆಯೋ ಇಲ್ಲವೋ ಎಂಬುದೇ ಮೊದಲು ಗೊತ್ತಾಗಬೇಕು. ಈಕ್ವಿಟಿ ಫಂಡಿನಲ್ಲಿ ಮಧ್ಯಾಹ್ನ ಮೂರು ಗಂಟೆಯೊಳಗೆ ಕೋರಿಕೆ ತಲುಪಿದರೆ ಅಂದಿನ ದರ, ಆನಂತರವಾದರೆ ಮುಂದಿನ ಕೆಲಸದ ದಿನದ ದರ. ನೀವು ನಾಲ್ಕಕ್ಕೆ ಒತ್ತಿದ್ದರಿಂದ ನಿಮ್ಮ ಮಾರಾಟದ ದಿನ ಗುರುವಾರವಲ್ಲ, ಶುಕ್ರವಾರ. ಅಲ್ಲಿಂದ ಮುಂದೆ ಎರಡು ಕೆಲಸದ ದಿನ ಎಣಿಸಬೇಕು. 2023ರ ಫೆಬ್ರುವರಿ 1ರಿಂದ ಈಕ್ವಿಟಿ ಫಂಡುಗಳೆಲ್ಲ ಈ ಎರಡು ದಿನಗಳ ಲೆಕ್ಕಕ್ಕೆ ಬಂದಿವೆ, ಅದಕ್ಕೂ ಮುನ್ನ ಮೂರು ದಿನವಿತ್ತು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಒಂದು, ಮಂಗಳವಾರ ಎರಡು. ನಿಮ್ಮ ಇನ್ನೊಂದು ಫಂಡಿನ ಹಣ ಮಂಗಳವಾರ ಬಂದದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಸೆಬಿ ಹಾಕಿರುವ ಹೊರಗಿನ ಗಡಿ ಮೂರು ಕೆಲಸದ ದಿನ, ಅಂದರೆ ಬುಧವಾರ. ಇಂದು ಶುಕ್ರವಾರ. ನಡುವೆ ರಜೆ ಇರಲಿಲ್ಲವಾದರೆ ಇದು ನಿಜಕ್ಕೂ ತಡವೇ, "ಇನ್ನೂ ಎರಡು ದಿನ ನೋಡಿ" ಎಂಬ ಸಲಹೆಯನ್ನು ಕೇಳಬೇಡಿ.

ತೀರ್ಥಹಳ್ಳಿಯ ಅಕ್ಕ "ನನಗೆ ಮರುದಿನವೇ ಬಂದಿತ್ತು" ಎಂದು ಬರೆದಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅವರದು ಲಿಕ್ವಿಡ್ ಫಂಡ್. ಅದರಲ್ಲಿ ಸಾಮಾನ್ಯವಾಗಿ ಒಂದೇ ಕೆಲಸದ ದಿನ ಸಾಕು. ವಿದೇಶಿ ಷೇರುಗಳಲ್ಲೇ ಬಹುಪಾಲು ಹಣ ಹೂಡುವ ಫಂಡುಗಳಿಗೆ ಇದಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ.

ರಜೆಯ ವಿಷಯದಲ್ಲಿ ನಮ್ಮವರು ಎಡವುವುದು ಒಂದೇ ಜಾಗದಲ್ಲಿ. ಎಣಿಸಬೇಕಾದ್ದು ನಮ್ಮ ಊರಿನ ಬ್ಯಾಂಕಿನ ರಜೆಯನ್ನಲ್ಲ, ಮುಂಬೈಯ ಷೇರುಪೇಟೆ ಮತ್ತು ಬ್ಯಾಂಕುಗಳ ರಜೆಯನ್ನು. 2024ರ ನವೆಂಬರನ್ನೇ ತೆಗೆದುಕೊಳ್ಳಿ. ಆ ತಿಂಗಳ 14ನೇ ತಾರೀಖು ಗುರುವಾರ ಸಂಜೆ ಯಾರಾದರೂ ಯೂನಿಟ್ ಮಾರಿದ್ದರೆ, 15ರ ಶುಕ್ರವಾರ ಗುರುನಾನಕ್ ಜಯಂತಿಗೆ ಪೇಟೆ ಮುಚ್ಚಿತ್ತು. ಹಾಗಾಗಿ ದರ ಸಿಗುವುದು 18ರ ಸೋಮವಾರದ್ದು. ಅಂದು ಕನಕದಾಸ ಜಯಂತಿ, ನಮ್ಮಲ್ಲಿ ಬ್ಯಾಂಕಿಗೆ ರಜೆ, ಆದರೆ ಮುಂಬೈಯಲ್ಲಿ ಕೆಲಸ ನಡೆದಿತ್ತು, ಆದ್ದರಿಂದ ಅದು ಲೆಕ್ಕಕ್ಕೆ ಬರುತ್ತದೆ. 19ರ ಮಂಗಳವಾರ ಒಂದು. 20ರ ಬುಧವಾರ ಮಹಾರಾಷ್ಟ್ರದ ವಿಧಾನಸಭಾ ಚುನಾವಣೆ, ಇಲ್ಲಿ ಎಲ್ಲ ತೆರೆದಿದ್ದರೂ ಅಲ್ಲಿ ಪೇಟೆ ಬಂದ್. ಹಾಗಾಗಿ ಎರಡನೆಯ ದಿನ 21ರ ಗುರುವಾರ. ಮಾರಿದವರಿಗೆ ಪೂರ್ತಿ ಒಂದು ವಾರ ಕಾದಂತಾಯಿತು, ಆದರೂ ಫಂಡ್ ಸಂಸ್ಥೆ ಒಂದು ದಿನವೂ ತಡ ಮಾಡಿದಂತಾಗಲಿಲ್ಲ. ನೀವೂ ನಿಮ್ಮ ವಾರವನ್ನು ಒಮ್ಮೆ ಷೇರುಪೇಟೆಯ ರಜಾ ಪಟ್ಟಿಯ ಜೊತೆ ಇಟ್ಟು ನೋಡಿ. ಒಂದು ಫಂಡಿನ ಹಣ ಬಂದು ಇನ್ನೊಂದರದು ಬಾರದಿರುವುದರಿಂದ ನಿಮ್ಮಲ್ಲಿ ಕಾರಣ ರಜೆಯಲ್ಲ ಎಂದೇ ನನಗೆ ಅನಿಸುತ್ತದೆ.

ನನ್ನ ಅನುಮಾನವೆಲ್ಲ ಆ 2018ರ ಸಿಂಡಿಕೇಟ್ ಖಾತೆಯ ಮೇಲೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ಅದರ `SYNB` ಎಂದು ಆರಂಭವಾಗುವ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಿಂತುಹೋದವು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕಿನ ಹಳೆಯ ಗ್ರಾಹಕರಿಗೂ ಇದೇ ಕಥೆ. ಪ್ರತಿಯೊಂದು ಫಂಡ್ ಸಂಸ್ಥೆಯೂ ತನ್ನ ಫೋಲಿಯೊಗೆ ಬ್ಯಾಂಕ್ ವಿವರವನ್ನು ಬೇರೆಯಾಗಿಯೇ ಬರೆದಿಟ್ಟುಕೊಂಡಿರುತ್ತದೆ. ಒಂದು ಕಡೆ ಹೊಸ ವಿವರ ಸೇರಿ ಇನ್ನೊಂದು ಕಡೆ ಹಳೆಯದೇ ಉಳಿದಿರುವುದು ತೀರಾ ಸಾಮಾನ್ಯ. ನೀವು ಆ್ಯಪ್‌ನಲ್ಲಿ ಕೆನರಾ ಖಾತೆ ಸೇರಿಸಿದ್ದೀರಿ ಎಂದ ಮಾತ್ರಕ್ಕೆ ಹಳೆಯ ಫೋಲಿಯೊದಲ್ಲಿ ಅದು ಬದಲಾಗಿರುವುದಿಲ್ಲ. ಆ್ಯಪ್‌ನ ಖಾತೆ ಮುಂದಿನ ಖರೀದಿಗಾಗಿ, ಮಾರಿದ ಹಣ ಹೋಗುವುದು ಫೋಲಿಯೊದಲ್ಲಿ ನೋಂದಾಯಿಸಿರುವ ಖಾತೆಗೆ. ಯೂನಿಟ್‌ಗಳು ಡಿಮ್ಯಾಟ್‌ನಲ್ಲಿದ್ದರೆ ಮಾತ್ರ ಹಣ ಹೋಗುವುದು ಡಿಮ್ಯಾಟ್ ಖಾತೆಗೆ ಜೋಡಿಸಿರುವ ಬ್ಯಾಂಕಿಗೆ. ಹಾಗಿದ್ದರೆ ವಿವರ ಸರಿಪಡಿಸಬೇಕಾದ್ದೂ ಆ ಬ್ರೋಕರ್ ಬಳಿಯೇ.

ಆದ್ದರಿಂದ ಇಂದೇ ಮಾಡಬೇಕಾದ ಮೊದಲ ಕೆಲಸ ಆ ಫೋಲಿಯೊದ ಖಾತೆ ವಿವರಣೆಯನ್ನು ತರಿಸಿಕೊಳ್ಳುವುದು. ನಿಮ್ಮ ಫಂಡ್‌ನ ದಾಖಲೆ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಎಂಬ ಲೆಕ್ಕ ಇಡುವ ಸಂಸ್ಥೆಯ ಬಳಿ ಇರುತ್ತದೆ, ಅವರ ಜಾಲತಾಣದಲ್ಲಿ ಇಮೇಲ್ ಮತ್ತು ಪ್ಯಾನ್ ಕೊಟ್ಟರೆ ಪಿಡಿಎಫ್ ಬರುತ್ತದೆ. ಅದರಲ್ಲಿ ಎರಡು ಸಂಗತಿ ನೋಡಿ. ಒಂದು, ಮಾರಾಟದ ಸಾಲಿನ ತಾರೀಖು, ಅಲ್ಲಿಂದಲೇ ದಿನ ಎಣಿಸಬೇಕು. ಎರಡು, ನೋಂದಾಯಿತ ಬ್ಯಾಂಕಿನ ಹೆಸರು ಮತ್ತು ಖಾತೆಯ ಕೊನೆಯ ಅಂಕಿಗಳು. ಅಲ್ಲಿ ಇನ್ನೂ ಸಿಂಡಿಕೇಟ್ ಎಂದಿದ್ದರೆ ಗಂಟು ಸಿಕ್ಕಿತು.

ಆಮೇಲೆ ಫಂಡ್ ಸಂಸ್ಥೆಗೆ ಇಮೇಲ್ ಬರೆಯಿರಿ. ಫೋನಿನಲ್ಲಿ "ಪ್ರೊಸೆಸ್ ಆಗಿದೆ ಸರ್" ಎಂಬ ಉತ್ತರ ಸಿಗುತ್ತದೆ, ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಯೂನಿಟ್ ಕಳೆದದ್ದನ್ನೂ ಅವರು ಪ್ರೊಸೆಸ್ ಎನ್ನುತ್ತಾರೆ. ನೀವು ಕೇಳಬೇಕಾದ್ದು ಇಷ್ಟೇ: ಹಣ ಕಳುಹಿಸಿದ ತಾರೀಖು ಯಾವುದು, ಯುಟಿಆರ್ ಸಂಖ್ಯೆ ಏನು, ಯಾವ ಐಎಫ್‌ಎಸ್‌ಸಿಗೆ ಕಳುಹಿಸಿದಿರಿ, ಮರಳಿ ಬಂದಿದೆಯೇ, ಬಂದಿದ್ದರೆ ಕಾರಣವೇನು. ಯುಟಿಆರ್ ಎಂದರೆ ಆ ರವಾನೆಯ ಗುರುತು, ನೆಫ್ಟ್‌ನಲ್ಲಿ ಹದಿನಾರು ಅಕ್ಷರಗಳದು. ಯುಟಿಆರ್ ಕೊಟ್ಟು "ಮರಳಿ ಬಂದಿಲ್ಲ" ಎಂದರೆ ಅದನ್ನು ಹಿಡಿದು ನಿಮ್ಮ ಕೆನರಾ ಶಾಖೆಗೆ ಹೋಗಿ, ಅಲ್ಲಿ ಹುಡುಕಿಕೊಡುತ್ತಾರೆ. "ಮರಳಿ ಬಂದಿದೆ" ಎಂದರೆ, ಅಥವಾ ಯುಟಿಆರ್ ಹುಟ್ಟಿಯೇ ಇಲ್ಲ ಎಂದರೆ, ಶಾಖೆಗೆ ಅಲೆಯಬೇಡಿ. ಹಣ ಫಂಡ್ ಸಂಸ್ಥೆಯ ಕಡೆಯೇ ಇದೆ.

ಇಲ್ಲಿ ಸಿರ್ಸಿಯ ಮಿತ್ರರು "ಹೆಸರಿನ ಕಾಗುಣಿತ ತಪ್ಪಿದ್ದರೆ ಹಣ ವಾಪಸ್ ಹೋಗುತ್ತದೆ, ಪ್ಯಾನ್‌ನಲ್ಲಿ ಗಣಪತಿ, ಪಾಸ್‌ಬುಕ್‌ನಲ್ಲಿ ಗಣಪತಿ ಭಟ್ ಇದ್ದರೆ ಮುಗಿಯಿತು" ಎಂದಿದ್ದಾರೆ. ಅರ್ಧ ಸರಿ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಹಾಗಾಗಿ ಈಗಿನ ತಡಕ್ಕೆ ಹೆಸರು ಕಾರಣವಾಗಿರುವ ಸಂಭವ ಕಡಿಮೆ. ಆದರೆ ನೀವು ಹೊಸ ಖಾತೆಯ ವಿವರ ಕೊಡುವಾಗ ಫೋಲಿಯೊದ ಹೆಸರಿಗೂ ಚೆಕ್ಕಿನ ಮೇಲಿನ ಹೆಸರಿಗೂ ತಾಳೆ ನೋಡುತ್ತಾರೆ, ಅಲ್ಲಿ ಅವರ ಮಾತು ಪೂರ್ತಿ ನಿಜವಾಗುತ್ತದೆ. ಪತ್ನಿಯ ಒಬ್ಬರ ಹೆಸರಿನ ಖಾತೆ ಕೊಟ್ಟರೆ ಒಪ್ಪುವುದೇ ಇಲ್ಲ. ಜಂಟಿ ಖಾತೆಯಾದರೆ ಅದರಲ್ಲಿ ನಿಮ್ಮ ಹೆಸರು ಇರಲೇಬೇಕು.

ಬ್ಯಾಂಕ್ ಬದಲಾವಣೆಯ ಅರ್ಜಿಗೆ ಹೆಸರು ಅಚ್ಚಾಗಿರುವ, ಕ್ಯಾನ್ಸಲ್ ಎಂದು ಬರೆದ ಕೆನರಾ ಚೆಕ್ ಹಾಳೆ ಬೇಕು. ಹೆಸರು ಅಚ್ಚಾಗಿಲ್ಲದಿದ್ದರೆ ಶಾಖೆಯ ಸಹಿ, ಮೊಹರು ಇರುವ ಪಾಸ್‌ಬುಕ್ ಪ್ರತಿ ಕೊಡಿ. ಹಳೆಯ ಖಾತೆಯ ಪುರಾವೆಯನ್ನೂ ಕೇಳುತ್ತಾರೆ. ಸಿಂಡಿಕೇಟ್‌ನ ಹಳೆಯ ಚೆಕ್ ಹಾಳೆಯೋ ಪಾಸ್‌ಬುಕ್ಕೋ ಅಟ್ಟದ ಮೇಲೆ ಇದ್ದರೆ ಅದು ಈಗ ಬಂಗಾರ. ಇಲ್ಲವಾದರೆ ಶಾಖೆಯಿಂದ ಅದರ ಅಚ್ಚು ಕಾಗದದ ಮೇಲೆ ಹಳೆಯ ಮತ್ತು ಈಗಿನ ವಿವರ ಎರಡೂ ಒಂದೇ ಗ್ರಾಹಕನದು ಎಂಬ ಪತ್ರ ಬರೆಸಿಕೊಳ್ಳಿ. ಐಎಫ್‌ಎಸ್‌ಸಿಯನ್ನು ನೆನಪಿನಿಂದ ಬರೆಯಬೇಡಿ, `CNRB` ಎಂದು ಆರಂಭವಾಗುವ ಈಗಿನದನ್ನು ಪಾಸ್‌ಬುಕ್ ನೋಡಿಯೇ ಬರೆಯಿರಿ, ಏಕೆಂದರೆ ವಿಲೀನದ ನಂತರ ಕೆಲವು ಶಾಖೆಗಳೂ ಒಂದಾಗಿವೆ. ಅದೇ ಇಮೇಲ್‌ನಲ್ಲಿ, ಹಣವನ್ನು ಚೆಕ್ಕಾಗಿ ನೋಂದಾಯಿತ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದಾರೆಯೇ ಎಂದು ಕೇಳಿ. ಖಾತೆಗೆ ಹೋಗದಿದ್ದಾಗ ಹಾಗೆ ಕಳುಹಿಸುವುದೂ ಉಂಟು. ನಿಮ್ಮ 2018ರ ವಿಳಾಸ ಬದಲಾಗಿದ್ದರೆ ಅದು ಎಲ್ಲೋ ಸುತ್ತುತ್ತಿರಬಹುದು.

ಇಷ್ಟಾದ ಮೇಲೆ ಎಷ್ಟು ದಿನ ಎಂದರೆ, ಅದನ್ನು ನಾನು ಖಚಿತವಾಗಿ ಹೇಳಲಾರೆ. ಬ್ಯಾಂಕ್ ವಿವರ ಬದಲಾಯಿಸಿದ ಕೂಡಲೇ ಹಣ ತೆಗೆಯುವ ಹೊಸ ಕೋರಿಕೆ ಬಂದರೆ ವಂಚನೆ ತಡೆಯಲು ಹತ್ತು ದಿನಗಳವರೆಗೆ ತಡೆಹಿಡಿಯುವ ಪದ್ಧತಿ ಇದೆ. ನಿಮ್ಮದು ಆಗಲೇ ಮಾರಿ ಮರಳಿದ ಹಣ. ಅದನ್ನು ಬೇಗ ಮತ್ತೆ ಕಳುಹಿಸಿ ಎಂದು ಒತ್ತಾಯಿಸಿ ಬರೆಯಿರಿ. ಈ ಬಾರಿಯ ಕೂಲಿಗೆ ಮಾತ್ರ ಬೇರೆ ದಾರಿ ನೋಡಿಕೊಳ್ಳುವುದೇ ಕ್ಷೇಮ.

ಬಡ್ಡಿಯ ಬಗ್ಗೆ ಕೇಳಿದವರಿಗೆ: ಮೂರು ಕೆಲಸದ ದಿನ ಮೀರಿದರೆ ಫಂಡ್ ಸಂಸ್ಥೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು. ಎರಡು ಲಕ್ಷಕ್ಕೆ ದಿನಕ್ಕೆ ಸುಮಾರು 82 ರೂಪಾಯಿ. ಆದರೆ ಅವರು ಸಮಯಕ್ಕೆ ಕಳುಹಿಸಿ, ಹಳೆಯ ವಿವರದಿಂದ ಮರಳಿದ್ದರೆ "ತಪ್ಪು ನಮ್ಮದಲ್ಲ" ಎನ್ನುತ್ತಾರೆ. 2021ರಲ್ಲೇ ಸತ್ತ ಕೋಡಿಗೆ ಕಳುಹಿಸುವುದು ಸರಿಯಾದ ರವಾನೆಯೇ ಎಂದು ನಾನಾದರೆ ಕೇಳುತ್ತೇನೆ. ಮರಳಿ ಬಂದ ದಿನವೇ ನಿಮಗೆ ತಿಳಿಸಲಿಲ್ಲ ಎಂಬುದನ್ನೂ ದೂರಿನಲ್ಲಿ ಬರೆಯಿರಿ. ಸಂಸ್ಥೆ ಸರಿಯಾಗಿ ಉತ್ತರಿಸದಿದ್ದರೆ ಸೆಬಿಯ ಸ್ಕೋರ್ಸ್ ತಾಣ `scores.sebi.gov.in` ಇದೆ. ಅಲ್ಲಿ ದೂರು ದಾಖಲಾದರೆ 21 ದಿನಗಳೊಳಗೆ ಅವರು ಉತ್ತರಿಸಬೇಕು.

ಕೊನೆಯಲ್ಲಿ, ಆಧಾರ್ ಜೋಡಣೆ ಸರಿಯಿಲ್ಲವೇನೋ, ತನ್ನ ಪಿಎಂ ಕಿಸಾನ್ ಕಂತು ಹಾಗೆಯೇ ನಿಂತಿತ್ತು ಎಂದು ಬರೆದ ತಮ್ಮನಿಗೆ: ಪಿಎಂ ಕಿಸಾನ್ ಹಣ ಆಧಾರ್ ಹಿಡಿದು ಬ್ಯಾಂಕನ್ನು ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಬ್ಯಾಂಕ್ ವಿಲೀನವಾದರೂ ನಿಮಗೆ ಕಂತು ಬರುತ್ತಲೇ ಇರಬಹುದು. ಫಂಡಿನ ಹಣ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಿಡಿದು ಬರುತ್ತದೆ. ಒಂದು ಬರುತ್ತಿದೆ ಎಂದು ಇನ್ನೊಂದೂ ಸರಿ ಇದೆ ಎಂದು ನಂಬಬೇಡಿ.

ಅಣ್ಣಾ, ಖಾತೆ ವಿವರಣೆಯಲ್ಲಿ ಯಾವ ಬ್ಯಾಂಕಿನ ಹೆಸರಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಿರಿ. ಪಿಡಿಎಫ್, ಪ್ಯಾನ್, ಖಾತೆ ಸಂಖ್ಯೆ ಯಾವುದನ್ನೂ ಗುಂಪಿನಲ್ಲಿ ಹಾಕಬೇಡಿ.