ಬಾಯಲ್ಲಿ ಕ್ಲಾಸ್ ಟು, ಫಿಲ್ಮ್‌ನಲ್ಲಿ ಕ್ಲಾಸ್ ಒನ್: ಯಾವುದನ್ನು ನಂಬೋದು?

ಪ್ರಶ್ನೆ: ಹದಿಮೂರು ವರ್ಷದ ಹುಡುಗಿಯ ಕೇಸ್. ಬಲಗಡೆ ಮೋಲಾರ್ ಪೂರ್ತಿ ಕ್ಲಾಸ್ ಟು, ಎಡಗಡೆ ಕ್ಲಾಸ್ ಒನ್. ಓವರ್‌ಜೆಟ್ 3 ಮಿ.ಮೀ. ಬಲಗಡೆ ಮೇಲಿನ ಎರಡನೇ ಹಾಲು ದವಡೆಹಲ್ಲನ್ನು ಐದನೇ ವರ್ಷಕ್ಕೇ ಕೀಳಿಸಿದ್ದರಂತೆ. ಒಂದೇ ಫಿಲ್ಮ್ ಮೇಲೆ ನಾನೂ ಗೆಳತಿಯೂ ಟ್ರೇಸಿಂಗ್ ಮಾಡಿದೆವು. ನನಗೆ ಎಸ್‌ಎನ್‌ಎ 85, ಎಸ್‌ಎನ್‌ಬಿ 79, ಎಎನ್‌ಬಿ 6 ಬಂತು. ಅವಳಿಗೆ 81, 79, 2. ಮೋಲಾರ್ ಕ್ಲಾಸ್ ಟು ಇರೋದರಿಂದ ನನ್ನದೇ ಸರಿ ಅನ್ನಿಸುತ್ತೆ. ಪರೀಕ್ಷೆಯಲ್ಲಿ ಇಂಥ ಕೇಸ್ ಬಂದರೆ ಏನು ಬರೆಯಬೇಕು?
— ಅಂತಿಮ ವರ್ಷದ ದಂತ ವೈದ್ಯಕೀಯ ವಿದ್ಯಾರ್ಥಿನಿ

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಗೆಳತಿಯ ಟ್ರೇಸಿಂಗ್ ಸರಿ ಇರುವ ಸಾಧ್ಯತೆ ಜಾಸ್ತಿ. ಫಿಲ್ಮ್ ನೋಡದೆ ಹೇಗೆ ಹೇಳ್ತೀರಿ ಅನ್ನಬೇಡಿ. ನಿಮ್ಮಿಬ್ಬರ ಅಂಕಿಗಳೇ ಅರ್ಧ ಕಥೆ ಹೇಳುತ್ತಿವೆ.

ಎಸ್‌ಎನ್‌ಬಿ ಇಬ್ಬರಿಗೂ 79. ವ್ಯತ್ಯಾಸ ಇರುವುದು ಎಸ್‌ಎನ್‌ಎಯಲ್ಲಿ ಮಾತ್ರ. ಅಂದರೆ ಸೆಲ್ಲಾ, ನೇಸಿಯಾನ್, ಬಿ ಪಾಯಿಂಟ್ ಈ ಮೂರನ್ನೂ ಇಬ್ಬರೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಗುರುತಿಸಿದ್ದೀರಿ. ಬೇರೆಯಾಗಿರುವುದು ಎ ಪಾಯಿಂಟ್. ಟ್ರೇಸಿಂಗ್ ತಾಳೆ ನೋಡುವಾಗ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಎಸ್‌ಎನ್‌ಎ ಮಾತ್ರ ಬದಲಾದರೆ ಎ ಪಾಯಿಂಟ್ ಮೇಲೆ ಅನುಮಾನ, ಎಸ್‌ಎನ್‌ಬಿ ಮಾತ್ರ ಬದಲಾದರೆ ಬಿ ಪಾಯಿಂಟ್ ಮೇಲೆ. ಸೆಲ್ಲಾ ಮೇಲೆ ಕೆಳಗೆ ಹೋಗಿದ್ದರೆ ಎರಡೂ ಕೋನ ಒಂದೇ ಅಳತೆಯಲ್ಲಿ ಬದಲಾಗುತ್ತವೆ, ಎಎನ್‌ಬಿ ಮಾತ್ರ ಹಾಗೇ ಉಳಿಯುತ್ತದೆ. ನೇಸಿಯಾನ್ ಹಿಂದೆ ಮುಂದೆ ಆದರೆ ಎರಡೂ ಬದಲಾಗುತ್ತವೆ, ಆದರೆ ಸಮನಾಗಿ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ಡಿಗ್ರಿ ವ್ಯತ್ಯಾಸ ಅಂದರೆ ಫಿಲ್ಮ್ ಮೇಲೆ ಎಷ್ಟು ದೂರ? ನೇಸಿಯಾನ್‌ನಿಂದ ಎ ಪಾಯಿಂಟ್‌ಗೆ ಸುಮಾರು 55ರಿಂದ 60 ಮಿ.ಮೀ. ಇರುತ್ತದೆ. ಅಷ್ಟು ದೂರದಲ್ಲಿ ಒಂದು ಮಿ.ಮೀ. ಹಿಂದೆ ಮುಂದೆ ಆದರೆ ಕೋನ ಹೆಚ್ಚುಕಮ್ಮಿ ಒಂದು ಡಿಗ್ರಿ ಬದಲಾಗುತ್ತದೆ. ಹಾಗಾಗಿ ನಿಮ್ಮ ಎ ಪಾಯಿಂಟ್ ಅವಳದ್ದಕ್ಕಿಂತ ಸುಮಾರು 4 ಮಿ.ಮೀ. ಮುಂದಿದೆ. ಪೆನ್ಸಿಲ್ ಗೆರೆಯ ದಪ್ಪದಿಂದ ಇಷ್ಟು ದೊಡ್ಡ ತಪ್ಪು ಆಗುವುದಿಲ್ಲ. ಬಹುಶಃ ನೀವು ಆಂಟೀರಿಯರ್ ನೇಸಲ್ ಸ್ಪೈನ್‌ನ ತುದಿಯನ್ನೋ, ಅದರ ಬುಡದ ಹತ್ತಿರದ ಜಾಗವನ್ನೋ ಎ ಪಾಯಿಂಟ್ ಅಂತ ಗುರುತು ಮಾಡಿದ್ದೀರಿ. ವಿದ್ಯಾರ್ಥಿಗಳ ಟ್ರೇಸಿಂಗ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು.

ಒಂದು ಸಲ ಫಿಲ್ಮ್ ಮತ್ತೆ ತೆಗೆಯಿರಿ. ವ್ಯೂ ಬಾಕ್ಸ್ ಮೇಲೆ ಇಟ್ಟು, ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. ಅಂಗುಳಿನ ಗೆರೆ ಮುಂದೆ ಬಂದು ಚೂಪಾಗಿ ಕೊನೆಯಾಗುವುದೇ ಸ್ಪೈನ್. ಅಲ್ಲಿಂದ ಮೂಳೆಯ ಅಂಚು ಹಿಂದಕ್ಕೆ ಬಾಗಿ ಒಂದು ತಗ್ಗು ಮಾಡಿಕೊಂಡು, ಮತ್ತೆ ಮುಂದೆ ಬಂದು ಮೇಲಿನ ಮುಂಹಲ್ಲಿನ ಪಕ್ಕದ ಮೂಳೆಯ ಅಂಚಿನಲ್ಲಿ ಮುಗಿಯುತ್ತದೆ. ಆ ಕೊನೆಯ ಬಿಂದು ಪ್ರಾಸ್ಥಿಯಾನ್. ಸ್ಪೈನ್‌ನಿಂದ ಪ್ರಾಸ್ಥಿಯಾನ್‌ಗೆ ಒಂದು ನೇರ ಗೆರೆ ಹಾಕಿಕೊಳ್ಳಿ. ತಗ್ಗಿನಲ್ಲಿ ಆ ಗೆರೆಯಿಂದ ಅತಿ ದೂರ ಇರುವ ಬಿಂದುವೇ ಎ ಪಾಯಿಂಟ್. ಸಾಮಾನ್ಯವಾಗಿ ಅದು ಮುಂಹಲ್ಲಿನ ಬೇರಿನ ತುದಿಯ ಮಟ್ಟದಲ್ಲಿ, ಬೇರಿಗಿಂತ ಸ್ವಲ್ಪ ಮುಂದೆ ಸಿಗುತ್ತದೆ. ಅಲ್ಲಿ ಮೂಳೆ ತೆಳು. ಫಿಲ್ಮ್ ಕಪ್ಪಾಗಿದ್ದರೆ ಅಂಚು ಮಾಯವಾಗುತ್ತದೆ, ಮೇಲಿಂದ ಕೆನ್ನೆಯ ನೆರಳು ಬೇರೆ ಬಿದ್ದಿರುತ್ತದೆ. ಕಣ್ಣು ಆ ನೆರಳನ್ನೇ ಮೂಳೆ ಅಂದುಕೊಳ್ಳುತ್ತದೆ.

ಬಿ ಪಾಯಿಂಟ್ ಕೂಡ ಇದೇ ರೀತಿ: ಕೆಳಗಿನ ಮುಂಹಲ್ಲಿನ ಪಕ್ಕದ ಮೂಳೆಯ ಅಂಚಿಗೂ ಪೊಗೋನಿಯಾನ್‌ಗೂ ನಡುವಿನ ತಗ್ಗಿನ ಆಳದ ಬಿಂದು. ಪೊಗೋನಿಯಾನ್ ಅಂದರೆ ಗದ್ದದ ಅತಿ ಮುಂದಿನ ಬಿಂದು, ಮೆಂಟಾನ್ ಅಂದರೆ ಅತಿ ಕೆಳಗಿನದು. ಬಿ ಪಾಯಿಂಟ್ ನೇಸಿಯಾನ್‌ನಿಂದ ಇನ್ನೂ ದೂರ ಇರುವುದರಿಂದ ಅಲ್ಲಿ ಒಂದು ಮಿ.ಮೀ. ತಪ್ಪಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಹೋಗುತ್ತದೆ. ಎ ಪಾಯಿಂಟ್‌ನಷ್ಟು ಕಾಟ ಕೊಡುವುದಿಲ್ಲ.

ಈಗ ಮೋಲಾರ್ ವಿಷಯ. "ಮೋಲಾರ್ ಕ್ಲಾಸ್ ಟು, ಹಾಗಾಗಿ ಎಎನ್‌ಬಿ 6 ಸರಿ" ಅನ್ನುವ ನಿಮ್ಮ ತರ್ಕದಲ್ಲೇ ಎಡವಟ್ಟು ಇದೆ. ಆಂಗಲ್ ತನ್ನ ವರ್ಗೀಕರಣ ಪ್ರಕಟಿಸಿದ್ದು 1899ರಲ್ಲಿ. ಆತ ತೀರಿಕೊಂಡಿದ್ದು 1930ರಲ್ಲಿ. ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹಾಫ್ರಾತ್ ಸೆಫಲೋಮೆಟ್ರಿಕ್ ವಿಧಾನವನ್ನು ಪ್ರಕಟಿಸಿದ್ದು 1931ರಲ್ಲಿ. ಅಂದರೆ ಆಂಗಲ್ ನೋಡಿದ್ದು ಹಲ್ಲುಗಳನ್ನು. ಮೇಲಿನ ಮೊದಲ ಮೋಲಾರ್ ತಲೆಬುರುಡೆಯಲ್ಲಿ ತನ್ನ ಜಾಗ ಬಿಟ್ಟು ಕದಲುವುದಿಲ್ಲ ಅಂತ ಆತ ನಂಬಿದ್ದ. ಅದರ ಮೀಸಿಯೋಬಕಲ್ ಕಸ್ಪ್ ಕೆಳಗಿನ ಮೊದಲ ಮೋಲಾರ್‌ನ ಬಕಲ್ ಗ್ರೂವ್‌ನಲ್ಲಿ ಕೂತರೆ ಕ್ಲಾಸ್ ಒನ್, ಗ್ರೂವ್‌ಗಿಂತ ಮುಂದೆ ಬಿದ್ದರೆ ಕ್ಲಾಸ್ ಟು, ಹಿಂದೆ ಬಿದ್ದರೆ ಕ್ಲಾಸ್ ತ್ರೀ.

ನಿಮ್ಮ ಕೇಸ್‌ನಲ್ಲಿ ಕದಲಿದ್ದೇ ಆ ಮೇಲಿನ ಮೋಲಾರ್. ಎರಡನೇ ಹಾಲು ದವಡೆಹಲ್ಲು ಐದನೇ ವರ್ಷಕ್ಕೇ ಹೋಗಿದೆ. ಮೊದಲ ಶಾಶ್ವತ ಮೋಲಾರ್ ಹುಟ್ಟುವಾಗ ಮುಂದೆ ತಡೆಯುವವರೇ ಇಲ್ಲ. ಅದು ಖಾಲಿ ಜಾಗಕ್ಕೆ ಜಾರಿ ಬಂದಿದೆ. ಸಾಕ್ಷಿ ಬೇಕಾದರೆ ಸ್ಟಡಿ ಮಾಡೆಲ್ ಕೈಗೆ ತಗೊಳ್ಳಿ. ಬಲಗಡೆ ಎರಡನೇ ಪ್ರೀಮೋಲಾರ್‌ಗೆ ಜಾಗ ಇದೆಯಾ? ಇಲ್ಲದಿದ್ದರೆ, ಅಥವಾ ಅದು ಅಂಗುಳಿನ ಕಡೆಯಿಂದ ಇಣುಕುತ್ತಿದ್ದರೆ, ಮೋಲಾರ್ ಮುಂದೆ ಬಂದದ್ದಕ್ಕೆ ಅದೇ ಗುರುತು. ಆಮೇಲೆ ಬಲಗಡೆ ಕೆನೈನ್ ನೋಡಿ. ಮೇಲಿನ ಕೆನೈನ್‌ನ ತುದಿ ಕೆಳಗಿನ ಕೆನೈನ್ ಮತ್ತು ಮೊದಲ ಪ್ರೀಮೋಲಾರ್ ನಡುವೆ ಬಿದ್ದರೆ ಅದು ಕ್ಲಾಸ್ ಒನ್. ದವಡೆಯೇ ಹಿಂದೆ ಇದ್ದಿದ್ದರೆ ಕೆನೈನ್ ಕೂಡ ಸಾಮಾನ್ಯವಾಗಿ ಮೋಲಾರ್ ಹಾದಿಯನ್ನೇ ಹಿಡಿಯುತ್ತಿತ್ತು ಅಲ್ವಾ?

ಇನ್ನೊಂದು ಪರೀಕ್ಷೆ ಇದೆ, ವಿದ್ಯಾರ್ಥಿಗಳು ಮಾಡುವುದೇ ಕಮ್ಮಿ. ಮಾಡೆಲ್‌ಗಳನ್ನು ಕಚ್ಚಿಸಿ ಹಿಡಿದು ಹಿಂದಿನಿಂದ, ನಾಲಿಗೆಯ ಕಡೆಯಿಂದ ನೋಡಿ. ಮುಂದೆ ಜಾರುವ ಮೇಲಿನ ಮೋಲಾರ್ ಬಹಳ ಸಲ ಅಂಗುಳಿನ ಬೇರನ್ನು ನಡುವಾಗಿಟ್ಟುಕೊಂಡು ತಿರುಗುತ್ತದೆ. ಆಗ ಕೆನ್ನೆ ಕಡೆಯ ಕಸ್ಪ್‌ಗಳು ಜಾಸ್ತಿ ಮುಂದೆ ಬರುತ್ತವೆ, ಅಂಗುಳಿನ ಕಡೆಯದು ಅಷ್ಟಾಗಿ ಕದಲುವುದಿಲ್ಲ. ಹೊರಗಿನಿಂದ ಪೂರ್ತಿ ಕ್ಲಾಸ್ ಟು ಕಂಡರೂ ಒಳಗೆ ಮೀಸಿಯೋಪ್ಯಾಲಟಲ್ ಕಸ್ಪ್ ಕೆಳಗಿನ ಮೋಲಾರ್‌ನ ಸೆಂಟ್ರಲ್ ಫಾಸಾಗೆ ಹತ್ತಿರವೇ ಇರಬಹುದು. ಹಾಗಿದ್ದರೆ ನೀವು ಕಂಡ ಕ್ಲಾಸ್ ಟುವಿನಲ್ಲಿ ಒಂದಷ್ಟು ಭಾಗ ಬರೀ ತಿರುಚಿಕೆ.

ಓವರ್‌ಜೆಟ್ 3 ಮಿ.ಮೀ. ಅಂದಿದ್ದೀರಿ. ಅದು ಮಾಮೂಲಿ ಅಳತೆ. ಎಎನ್‌ಬಿ ನಿಜವಾಗಿ 6 ಇದ್ದು ಓವರ್‌ಜೆಟ್ 3 ಇರಬೇಕಾದರೆ, ಮೇಲಿನ ಮುಂಹಲ್ಲು ಹಿಂದಕ್ಕೆ ವಾಲಿರಬೇಕು, ಇಲ್ಲವೇ ಕೆಳಗಿನದು ಮುಂದಕ್ಕೆ ಚಾಚಿರಬೇಕು. ಅದಕ್ಕೇ ಹಲ್ಲಿನ ಕೋನ ಅಳೆಯಿರಿ. ಆದರೆ ಹುಷಾರು, ಮೇಲಿನ ಮುಂಹಲ್ಲನ್ನು ಎನ್‌ಎ ಗೆರೆಗೆ ಅಳೆಯಬೇಡಿ. ಎ ಪಾಯಿಂಟ್ ತಪ್ಪಾಗಿ ಮುಂದಿದ್ದರೆ ಆ ಗೆರೆಯೇ ವಾಲಿರುತ್ತದೆ. ಸರಿಯಾಗಿರುವ ಹಲ್ಲು ಕೂಡ ನಾಲ್ಕು ಡಿಗ್ರಿ ಹಿಂದೆ ವಾಲಿದಂತೆ ಕಾಣುತ್ತದೆ, ನಿಮ್ಮ ತಪ್ಪಿಗೆ ನಿಮ್ಮದೇ ತಪ್ಪು ಸಾಕ್ಷಿ ಹೇಳುತ್ತದೆ. ಎಸ್‌ಎನ್ ಗೆರೆಗೆ ಅಳೆಯಿರಿ. ಅಲ್ಲಿ 102ರ ಆಸುಪಾಸು ಬಂದರೆ, ಕೆಳಗಿನ ಮುಂಹಲ್ಲು ಮ್ಯಾಂಡಿಬ್ಯುಲರ್ ಪ್ಲೇನ್‌ಗೆ 90ರ ಆಸುಪಾಸು ಬಂದರೆ, ಹಲ್ಲುಗಳು ಏನನ್ನೂ ಮುಚ್ಚಿಡುತ್ತಿಲ್ಲ. ಆಗ ನಿಮ್ಮ 6 ನಿಲ್ಲುವುದಿಲ್ಲ.

ಸ್ಟೈನರ್ ಕೊಟ್ಟ ಸರಾಸರಿ ಎಸ್‌ಎನ್‌ಎ 82, ಎಸ್‌ಎನ್‌ಬಿ 80, ಎಎನ್‌ಬಿ 2. ಎಎನ್‌ಬಿ 4 ದಾಟಿದರೆ ಸ್ಕೆಲಿಟಲ್ ಕ್ಲಾಸ್ ಟು, ಸೊನ್ನೆಗಿಂತ ಇಳಿದರೆ ಕ್ಲಾಸ್ ತ್ರೀ ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ಗೆಳತಿಯ 81, 79, 2 ಸರಾಸರಿಗೆ ಹತ್ತಿರವೇ ಇದೆ. ಹಾಗಾಗಿ ಉತ್ತರದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ: "ಸ್ಕೆಲಿಟಲ್ ಕ್ಲಾಸ್ ಒನ್ ಬೇಸ್ ಮೇಲೆ ಬಲಗಡೆ ಆಂಗಲ್ ಕ್ಲಾಸ್ ಟು ಮೋಲಾರ್ ಸಂಬಂಧ, ಎಡಗಡೆ ಕ್ಲಾಸ್ ಒನ್, ಬಲ ಮೇಲಿನ ಎರಡನೇ ಹಾಲು ದವಡೆಹಲ್ಲು ಬೇಗ ಹೋಗಿ ಮೊದಲ ಮೋಲಾರ್ ಮುಂದೆ ಜಾರಿದೆ." ಒಂದೇ ಕಡೆ ಕ್ಲಾಸ್ ಟು ಇದ್ದರೆ ಸಬ್‌ಡಿವಿಷನ್, ಹೆಸರಿಸುವುದು ಕೆಟ್ಟಿರುವ ಕಡೆಯಿಂದ, ಇಲ್ಲಿ ಬಲ. ಡಿವಿಷನ್ ಒನ್ನಾ ಟೂನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಮುಂಹಲ್ಲು ಮುಂದೆ ಚಾಚಿ ಓವರ್‌ಜೆಟ್ ಜಾಸ್ತಿ ಇದ್ದರೆ ಒನ್, ನಡುವಿನ ಮುಂಹಲ್ಲು ಹಿಂದೆ ವಾಲಿ ಡೀಪ್ ಬೈಟ್ ಇದ್ದರೆ ಟೂ. ಈ ಹುಡುಗಿಯ ಓವರ್‌ಜೆಟ್ ಮಾಮೂಲಿ, ಮುಂಹಲ್ಲಿನ ಕೋನವೂ ಸರಿಯಿದ್ದರೆ ಎರಡರಲ್ಲೂ ಕೂರುವುದಿಲ್ಲ. ಬಲವಂತವಾಗಿ ಕೂರಿಸುವುದಕ್ಕಿಂತ ಎರಡೂ ಕಡೆಯ ಮೋಲಾರ್ ಸಂಬಂಧ ಬರೆದರೆ ಪರೀಕ್ಷಕರಿಗೂ ಖುಷಿ.

ಉಲ್ಟಾ ಕೇಸ್ ಕೂಡ ವೈವಾದಲ್ಲಿ ಕೇಳುತ್ತಾರೆ. ಕೆಳಗಿನ ಹಾಲು ದವಡೆಹಲ್ಲು ಬೇಗ ಹೋದರೆ ಕೆಳಗಿನ ಮೋಲಾರ್ ಮುಂದೆ ಜಾರಿ, ಸ್ಕೆಲಿಟಲ್ ಕ್ಲಾಸ್ ಟು ಇರುವವರಲ್ಲೂ ಮೋಲಾರ್ ಕ್ಲಾಸ್ ಒನ್ ಕಾಣಿಸಬಹುದು.

ಇನ್ನು ನೇಸಿಯಾನ್. ಎ, ಬಿ ಎರಡನ್ನೂ ಸರಿಯಾಗಿ ಗುರುತಿಸಿದರೂ ಎಎನ್‌ಬಿ ಮೋಸ ಮಾಡುವುದು ಇದರಿಂದ. ಫ್ರಂಟೋನೇಸಲ್ ಸೂಚರ್‌ನ ಅತಿ ಮುಂದಿನ ಈ ಬಿಂದು ಕೆಲವರಲ್ಲಿ ಹುಟ್ಟಿನಿಂದಲೇ ಮುಂದೆ ಇರುತ್ತದೆ. ಲೆಕ್ಕ ಹಾಕಿ ನೋಡಿ. ನೇಸಿಯಾನ್ 5 ಮಿ.ಮೀ. ಮುಂದಿದ್ದರೆ ಎಸ್‌ಎನ್‌ಎ ಸುಮಾರು 5 ಡಿಗ್ರಿ ಇಳಿಯುತ್ತದೆ, ಎಸ್‌ಎನ್‌ಬಿ ಸುಮಾರು 3. ದವಡೆಗಳು ಕದಲದೆಯೇ ಎಎನ್‌ಬಿ 2 ಡಿಗ್ರಿ ಕಮ್ಮಿ. ನೇಸಿಯಾನ್ ಹಿಂದಿದ್ದರೆ ಇದೇ ಲೆಕ್ಕ ತಿರುಗುಮುರುಗು. ಎಸ್‌ಎನ್‌ಎ, ಎಸ್‌ಎನ್‌ಬಿ ಎರಡೂ ಒಂದೇ ದಿಕ್ಕಿಗೆ ಸರಾಸರಿಯಿಂದ ದೂರ ಹೋದಾಗ ಈ ಅನುಮಾನ ಬರಬೇಕು. ನಿಮ್ಮ ಕೇಸ್‌ನಲ್ಲಿ ಹಾಗಿಲ್ಲ.

ಅನುಮಾನ ಬಂದಾಗ ನೇಸಿಯಾನ್ ಬಿಟ್ಟು ಅಳೆಯುವ ದಾರಿ 1975ರಲ್ಲಿ ಜೇಕಬ್ಸನ್ ಕೊಟ್ಟ ವಿಟ್ಸ್ ಅಪ್ರೈಸಲ್. ಪ್ರೀಮೋಲಾರ್ ಮತ್ತು ಮೊದಲ ಮೋಲಾರ್‌ಗಳ ಕಸ್ಪ್ ಕೂಡುವ ಜಾಗದಲ್ಲಿ ಫಂಕ್ಷನಲ್ ಆಕ್ಲೂಸಲ್ ಪ್ಲೇನ್ ಎಳೆದು, ಅದಕ್ಕೆ ಎ ಮತ್ತು ಬಿಯಿಂದ ಲಂಬ ಇಳಿಸಿ, ಎರಡರ ನಡುವಿನ ದೂರವನ್ನು ಮಿ.ಮೀ.ನಲ್ಲಿ ಅಳೆಯುತ್ತಾರೆ. ಹೆಂಗಸರಲ್ಲಿ ಎರಡೂ ಒಂದೇ ಜಾಗಕ್ಕೆ ಬೀಳಬೇಕು, ಗಂಡಸರಲ್ಲಿ ಬಿ ಒಂದು ಮಿ.ಮೀ. ಮುಂದಿರುತ್ತದೆ. ಎಯಿಂದ ಬಂದ ಲಂಬ ಮುಂದೆ ಹೋದಷ್ಟೂ ಕ್ಲಾಸ್ ಟು ಕಡೆಗೆ. ಆದರೆ ಈ ಹುಡುಗಿಯಲ್ಲಿ ವಿಟ್ಸ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಬಲ ಮೋಲಾರ್ ಜಾರಿ ತಿರುಗಿದೆ, ಪ್ರೀಮೋಲಾರ್ ಜಾಗದಲ್ಲಿಲ್ಲ, ಎಡ ಬಲದ ನೆರಳು ಒಂದರ ಮೇಲೊಂದು ಕೂರುವುದಿಲ್ಲ. ಆಕ್ಲೂಸಲ್ ಪ್ಲೇನ್ ಎಳೆಯುವುದರಲ್ಲೇ ನೀವಿಬ್ಬರೂ ಮತ್ತೆ ಜಗಳ ಆಡ್ತೀರಿ. ಮೊದಲು ಆ ಎ ಪಾಯಿಂಟ್ ಸರಿ ಮಾಡಿಕೊಳ್ಳಿ.