ಮಗನ ಮೊಬೈಲ್‌ನಲ್ಲಿ ರೊಕ್ಕ: ಸಣ್ಣ ಖರ್ಚು ಅವನ ಕೈಯಲ್ಲಿ, ದೊಡ್ಡದಕ್ಕೆ ನಿಮ್ಮ ಒಪ್ಪಿಗೆ

ಪ್ರಶ್ನೆ: ನಾವು ಗದಗದಾಗ ಇರ್ತೀವಿ. ಮಗ ಧಾರವಾಡದಾಗ ಖೋಲಿ ಮಾಡ್ಕೊಂಡು ಪಿಯುಸಿ ಓದಾಕತ್ತಾನ, 16 ವರ್ಷ. ಚಾ, ನಾಷ್ಟಾ, ಬಸ್ಸಿನ ಖರ್ಚು ಅವನಾ ನೋಡ್ಕೋಬೇಕು, ದೊಡ್ಡ ಖರ್ಚಿದ್ರ ನನ್ನ ಮೊಬೈಲ್‌ಗೆ ಕೇಳಿ ಬರಬೇಕು. ಹೆಂಗ ಸೆಟ್ ಮಾಡೋದು?

ಯುಪಿಐ ಸರ್ಕಲ್ ಇದೇ ಕೆಲಸಕ್ಕೆ ಬಂದಿರುವ ಸೌಲಭ್ಯ. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಇದನ್ನು 2024ರ ಆಗಸ್ಟ್‌ನಲ್ಲಿ ತಂದಿತು. ಖಾತೆ ನಿಮ್ಮದು, ಪಾವತಿ ಮಾಡುವವನು ಮಗ. ಆದರೆ ಬಹಳ ಮಂದಿ ಒಂದು ಕಡೆ ಎಡವುತ್ತಾರೆ: ‘500 ರೂಪಾಯಿವರೆಗೆ ತಾನೇ ಕೊಡಲಿ, ಅದರ ಮೇಲಿದ್ದರೆ ನನ್ನನ್ನು ಕೇಳಲಿ’ ಎಂಬ ಆಯ್ಕೆ ಅದರಲ್ಲಿ ಇಲ್ಲ. ಇರುವುದು ಎರಡೇ ದಾರಿ. `Spend with limits` ಆರಿಸಿದರೆ ತಿಂಗಳಿಗೆ ನೀವು ಹಾಕಿದ ಮಿತಿಯೊಳಗೆ ಅವನು ನಿಮ್ಮನ್ನು ಕೇಳದೆಯೇ ಖರ್ಚು ಮಾಡುತ್ತಾನೆ; ತಿಂಗಳಿಗೆ ಗರಿಷ್ಠ 15,000, ಒಂದು ಪಾವತಿಗೆ ಗರಿಷ್ಠ 5,000 ರೂಪಾಯಿ. `Approve every payment` ಆರಿಸಿದರೆ ಹತ್ತು ರೂಪಾಯಿ ಚಹಾಕ್ಕೂ ನಿಮ್ಮ ಮೊಬೈಲ್ ಸದ್ದು ಮಾಡುತ್ತದೆ, ಪ್ರತಿ ಸಲ ನೀವು ಪಿನ್ ಹಾಕಬೇಕು. ಈ ಹೆಸರುಗಳು ಆ್ಯಪ್‌ನಿಂದ ಆ್ಯಪ್‌ಗೆ ಸ್ವಲ್ಪ ಬದಲಾಗಬಹುದು, ಅರ್ಥ ಇದೇ.

ಹಾಗಾಗಿ ನಿಮಗೆ ಬೇಕಾದ್ದು ಎರಡು ಕಿಸೆ. ಸಣ್ಣ ಖರ್ಚಿಗೆ ಮಗನ ಹೆಸರಲ್ಲೇ ಒಂದು ವಾಲೆಟ್ ಅಥವಾ ಖಾತೆ. ಅದಕ್ಕೆ ನೀವು ವಾರಕ್ಕೊಮ್ಮೆ ರೊಕ್ಕ ಹಾಕುತ್ತೀರಿ. ದೊಡ್ಡದಕ್ಕೆ ಯುಪಿಐ ಸರ್ಕಲ್, ಪ್ರತಿ ಪಾವತಿಗೂ ಒಪ್ಪಿಗೆ ಕೇಳುವ ದಾರಿಯಲ್ಲಿ.

ಮೊದಲು ಸಣ್ಣ ಕಿಸೆ. ಮಕ್ಕಳ ಪ್ರೀಪೇಡ್ ವಾಲೆಟ್ ತೆಗೆಯುವುದಾದರೆ ಪೂರ್ತಿ ಕೆವೈಸಿ ಆಗುವಂಥದ್ದನ್ನೇ ತೆಗೆಯಿರಿ. ಬರೀ ಮೊಬೈಲ್ ನಂಬರ್, ಒಟಿಪಿ, ಗುರುತಿನ ಚೀಟಿಯ ನಂಬರ್ ಕೊಟ್ಟು ತೆರೆದ ಅರೆಕೆವೈಸಿ ವಾಲೆಟ್‌ಗೆ ತಿಂಗಳಿಗೆ 10,000 ರೂಪಾಯಿವರೆಗೆ ತುಂಬಬಹುದು, ಆದರೆ ಖಾನಾವಳಿ ಗಲ್ಲಾದ ಮೇಲೆ ಅಂಟಿಸಿರುವ ಸಾಮಾನ್ಯ ಯುಪಿಐ ಕ್ಯೂಆರ್‌ಗೆ ಅದರಿಂದ ಕೊಡಲು ಆಗದೇ ಹೋಗಬಹುದು. ಎಲ್ಲ ವಾಲೆಟ್‌ಗಳೂ ಎಲ್ಲ ಕ್ಯೂಆರ್‌ಗೆ ನಡೆಯಬೇಕೆಂಬ ರಿಸರ್ವ್ ಬ್ಯಾಂಕ್ ಕಡ್ಡಾಯ ಇರುವುದು ಪೂರ್ತಿ ಕೆವೈಸಿ ಆದವಕ್ಕೆ. ‘ರೊಕ್ಕ ಐತಿ, ಹೋಗವಲ್ದು’ ಎಂದು ಮಗ ಫೋನ್ ಮಾಡಿದರೆ ಮೊದಲು ಇದನ್ನೇ ನೋಡಿ.

ಬ್ಯಾಂಕ್ ಖಾತೆಯೂ ಆಗುತ್ತದೆ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಮಿತಿ ಎಷ್ಟು, ಏನೇನು ಸೌಲಭ್ಯ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಆದ್ದರಿಂದ ಶಾಖೆಗೆ ಹೋದಾಗ ‘ಈ ಖಾತೆಗೆ ಯುಪಿಐ ಕೊಡ್ತೀರೇನು, ದಿನದ ಮಿತಿ ಎಷ್ಟು’ ಎಂದು ಫಾರ್ಮ್ ತುಂಬುವ ಮೊದಲೇ ಕೇಳಿ. ಯುಪಿಐ ಇಲ್ಲದ ಖಾತೆ ಈ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು ಸರ್ಕಲ್. ಮಗ ಊರಿಗೆ ಬಂದಾಗ ಇಬ್ಬರೂ ಎದುರುಬದುರು ಕೂತು ಮಾಡಿ, ಕಾಲು ತಾಸು ಸಾಕು. ಅವನ ಸಿಮ್ ಇರುವ ಅವನದೇ ಮೊಬೈಲ್‌ನಲ್ಲಿ ಭೀಮ್‌ನಂಥ ಸರ್ಕಲ್ ಇರುವ ಆ್ಯಪ್ ಹಾಕಿ, ಯುಪಿಐ ಐಡಿ ಮಾಡಿಸಿ, ಸ್ಕ್ರೀನ್ ಲಾಕ್ ಇರಲೇಬೇಕು. ಆ್ಯಪ್ ವಯಸ್ಸಿನ ಷರತ್ತು ಹಾಕಿದ್ದರೆ ಅದನ್ನು ಓದಿ. ವಯಸ್ಸು ಸುಳ್ಳು ಬರೆದು ಮುಂದೆ ಹೋಗಬೇಡಿ, ಬೇರೆ ಆ್ಯಪ್ ನೋಡಿ. ಈಗ ನಿಮ್ಮ ಮೊಬೈಲ್: ಅವನ ನಂಬರ್ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಇರಬೇಕು. `UPI Circle` ತೆರೆದು, ಅವನ ಕ್ಯೂಆರ್ ಸ್ಕ್ಯಾನ್ ಮಾಡಿ ಅಥವಾ ಯುಪಿಐ ಐಡಿ ಹಾಕಿ ಸೇರಿಸಿ. ಬರೀ ಮೊಬೈಲ್ ನಂಬರ್ ಟೈಪ್ ಮಾಡಿ ಸೇರಿಸಲು ಬರುವುದಿಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಒಪ್ಪಿಗೆ ಕೇಳುವ ದಾರಿ ಆರಿಸಿ, ಪಿನ್ ಹಾಕಿ. ಅವನ ಮೊಬೈಲ್‌ಗೆ ಆಹ್ವಾನ ಬರುತ್ತದೆ, ಅವನು ಒಪ್ಪಿದರೆ ಮುಗಿಯಿತು. ಮೊದಲ 24 ತಾಸು ದೊಡ್ಡ ಮೊತ್ತಕ್ಕೆ ತಡೆ ಇರುತ್ತದೆ. ಅಂದರೆ ಫೀ ಕಟ್ಟುವ ದಿನ ಮುಂಜಾನೆ ಸೆಟ್ ಮಾಡಲು ಕೂರಬೇಡಿ.

ಒಬ್ಬ ಮಗ ಒಬ್ಬರ ಸರ್ಕಲ್‌ನಲ್ಲಿ ಮಾತ್ರ ಇರಬಲ್ಲ. ಅಪ್ಪ, ಅವ್ವ ಇಬ್ಬರೂ ಸೇರಿಸಿಕೊಳ್ಳಲು ಆಗದು. ಯಾರು ಮೊಬೈಲ್ ಕೈಯಲ್ಲಿ ಇಟ್ಟುಕೊಂಡಿರುತ್ತಾರೋ ಅವರೇ ಆಗಲಿ, ಯಾಕೆಂದರೆ ಕೋರಿಕೆಗೆ ಹತ್ತು ನಿಮಿಷದ ಆಯುಷ್ಯ. ಅಷ್ಟರಲ್ಲಿ ಪಿನ್ ಬೀಳದಿದ್ದರೆ ಅದು ರದ್ದು, ಅವನು ಮತ್ತೆ ಮೊದಲಿಂದ ಸ್ಕ್ಯಾನ್ ಮಾಡಬೇಕು. ನೋಟಿಫಿಕೇಶನ್ ಬಾರದಿರಲು ಸಾಮಾನ್ಯ ಕಾರಣ ಮೊಬೈಲಿನ ಬ್ಯಾಟರಿ ಸೇವರ್ ಆ್ಯಪ್ ಅನ್ನು ಮಲಗಿಸುವುದು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಬಿಡಿ. ಬಾರದಿದ್ದರೂ ಆ್ಯಪ್ ತೆರೆದರೆ ಬಾಕಿ ಕೋರಿಕೆ ಒಳಗೆ ಕಾಣುತ್ತದೆ.

ಲೆಕ್ಕ ಹೀಗೆ ಹಾಕಿ ನೋಡೋಣ. ಖಾನಾವಳಿ ಮತ್ತು ಖೋಲಿ ಬಾಡಿಗೆ ನೀವೇ ನೇರ ಕೊಡುತ್ತೀರಿ ಅಂದುಕೊಳ್ಳಿ. ಚಹಾ, ನಾಷ್ಟಾ, ಝೆರಾಕ್ಸ್, ಚಿಗರಿ ಬಸ್ಸಿಗೆ ದಿನಕ್ಕೆ 100 ರೂಪಾಯಿ. ಸೋಮವಾರ ಮುಂಜಾನೆ ವಾಲೆಟ್‌ಗೆ 700. ಗುರುವಾರ ಅವನಲ್ಲಿ 380 ಉಳಿದಿದೆ, ಸುಭಾಸ್ ರೋಡಿನ ಅಂಗಡಿಯಲ್ಲಿ 1,450 ರೂಪಾಯಿಯ ಗೈಡು ಬೇಕು. ಅವನು ನಿಮಗೆ ಫೋನ್ ಮಾಡುತ್ತಾನೆ, ಆಮೇಲೆ ಸರ್ಕಲ್ ಇರುವ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಯಾವುದರಿಂದ ಕೊಡಬೇಕು ಎನ್ನುವಲ್ಲಿ ನಿಮ್ಮ ಹೆಸರು ಒತ್ತುತ್ತಾನೆ. ನಿಮ್ಮ ಪರದೆ ಮೇಲೆ ಮೊತ್ತ, ರೊಕ್ಕ ಪಡೆಯುವವರ ಹೆಸರು ಬರುತ್ತದೆ. ಅಂಗಡಿಯ ಬೋರ್ಡಿನ ಹೆಸರೇ ಇರಬೇಕೆಂದಿಲ್ಲ, ಮಾಲೀಕರ ಹೆಸರಿರಬಹುದು. ಫೋನಿನಲ್ಲೇ ಕೇಳಿ ಖಾತ್ರಿ ಮಾಡಿ ಪಿನ್ ಹಾಕಿ. ಗೈಡು ವಾಪಸ್ ಮಾಡಿ ಆನ್‌ಲೈನ್‌ನಲ್ಲೇ ರೀಫಂಡ್ ಆದರೆ ಅದು ನಿಮ್ಮ ಖಾತೆಗೆ ಬರುತ್ತದೆ, ಅವನಿಗಲ್ಲ. ಇದನ್ನು ಅವನಿಗೆ ಮೊದಲೇ ಹೇಳಿಡಿ.

ವಾರಕ್ಕೊಮ್ಮೆ ತುಂಬುವುದನ್ನು ಒತ್ತಿ ಹೇಳಲು ಕಾರಣವಿದೆ. ‘ಒಂದು ಸಲಕ್ಕೆ ಇಷ್ಟೇ’ ಎಂಬ ಮಿತಿಯನ್ನು ದಾಟುವುದು ಸುಲಭ; 1,450ನ್ನು ಮೂರು ಸಲ ಒಡೆದು ಕೊಟ್ಟರಾಯಿತು. ಕಿಸೆಯಲ್ಲಿ 380 ಇದ್ದರೆ ಎಷ್ಟು ಒಡೆದರೂ 380. ಆದ್ದರಿಂದ ವಾಲೆಟ್‌ನಲ್ಲಿ ತಾನೇ ತುಂಬಿಕೊಳ್ಳುವ ಆಟೋ ಟಾಪಪ್ ಇದ್ದರೆ ಬಂದ್ ಮಾಡಿ. ಅದು ಚಾಲೂ ಇದ್ದರೆ ಮಿತಿ ಇದ್ದೂ ಇಲ್ಲದಂತೆ.

ನಿಮ್ಮ ಪಿನ್ ಅವನಿಗೆ ಹೇಳಬೇಡಿ, ‘ಈ ಸಲ ಒಂದೇ’ ಎಂದೂ ಬೇಡ. ಹಾಗೆಯೇ ಅವನು ಮೊದಲು ಕರೆ ಮಾಡದೆ ಬಂದ ಕೋರಿಕೆಗೆ ಪಿನ್ ಹಾಕಬೇಡಿ. ಅವನ ಮೊಬೈಲ್ ಬೇರೆಯವರ ಕೈಯಲ್ಲಿ ಇರಬಹುದು. ಮೊಬೈಲ್ ಕಳೆದರೆ ನಿಮ್ಮ ಆ್ಯಪ್‌ನ ಸರ್ಕಲ್‌ನಿಂದ ಅವನನ್ನು ಕೂಡಲೇ ತೆಗೆಯಿರಿ, ವಾಲೆಟ್ ಬ್ಲಾಕ್ ಮಾಡಿಸಿ, ಸಿಮ್ ಬಂದ್ ಮಾಡಿಸಿ. ರೊಕ್ಕ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬ್ಯಾಂಕ್ ಖಾತೆಯ ದಾರಿ ಹಿಡಿದಿದ್ದರೆ, ಅವನಿಗೆ 18 ತುಂಬುವ ಹೊತ್ತಿಗೆ ಬ್ಯಾಂಕ್ ಹೊಸದಾಗಿ ಸಹಿ ಮಾದರಿ, ಖಾತೆ ನಡೆಸುವ ಸೂಚನೆ ಕೇಳುತ್ತದೆ. ಹುಟ್ಟಿದ ದಿನಕ್ಕೆ ಮೊದಲೇ ಅವನನ್ನು ಶಾಖೆಗೆ ಕಳಿಸಿ, ಇಲ್ಲದಿದ್ದರೆ ಸೆಕೆಂಡ್ ಪಿಯು ಪರೀಕ್ಷೆಯ ಹೊತ್ತಿನಲ್ಲಿ ಖಾತೆ ತಡೆ ಬಿದ್ದು ಓಡಾಡಬೇಕಾದೀತು.